ಎಡ ತುದಿಯ ಗುಳ್ಳೆಗಳು

ಹೋಟೆಲ್ ಮ್ಯಾನೇಜರ್ ಹೊಲಿಗೆ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಬಿಳಿ ಶರ್ಟೊಂದನ್ನು ಹರವಿ, ಕಾಲರಿನ ಮೇಲೆ ಬೆರಳಿಟ್ಟ. ಬಟ್ಟೆ ಕಪ್ಪೆಯ ಬೆನ್ನಿನ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಕಪ್ಪು ಕಫ್‌ಗಳಂತೂ ಸುಟ್ಟಗಾಯ ಆದವರ ಮಣಿಕಟ್ಟಿನಂತೆ ಕಾಣುತ್ತಿದ್ದವು.

"ನಲವತ್ತು ವೇಟರುಗಳು, ನಲವತ್ತು ಶರ್ಟು. ನಿನ್ನೆ ಒಬ್ಬ ಗಿರಾಕಿ, ಈ ಹುಡುಗನಿಗೆ ಏನಾದ್ರೂ ಅಂಟುರೋಗ ಇದೆಯಾ ಅಂತ ಕೇಳಿದ್ರು," ಎಂದ.

ಆ ಅಂಗಡಿಯಲ್ಲಿ ಕಾಲರು ಕಫ್ಫು ಮಾಡುವವಳು ಕಾಲರಕ್ಕ. ವಯಸ್ಸು ನಲವತ್ತಾರು, ಮದುವೆಯ ಮಾತು ತಂದವರನ್ನೆಲ್ಲ ಚಹಾ ಕುಡಿಸಿ ಕಳಿಸಿದವಳು. ಬಟ್ಟೆಗೂ ಅದರೊಳಗೆ ಬಿರುಸಿಗಾಗಿ ಕೂರಿಸುವ ಬಕ್ರಂಗೂ ನಡುವೆ ಅಂಟು ಕರಗಿಸಿ, ಎರಡನ್ನೂ ಒಂದು ಮಾಡುವ ಫ್ಯೂಸಿಂಗ್ ಪ್ರೆಸ್ ಅವಳದೇ ರಾಜ್ಯ. ಕತ್ತರಿ ಹಿಡಿಯುವ ತಂಗಿ ಕೂಡ ಅದರ ಹಿಡಿಕೆ ಮುಟ್ಟುವಂತಿರಲಿಲ್ಲ.

"ಲಾಂಡ್ರಿಯವರು ಕುದಿಯೋ ನೀರಲ್ಲಿ ಅದ್ದಿರ್ತಾರೆ," ಎಂದಳು ಕಾಲರಕ್ಕ, ಗಟ್ಟಿಯಾಗಿ.

"ಅವರು ನಿಮ್ಮ ಅಂಟು ಸರಿ ಇಲ್ಲ ಅಂತಾರೆ. ಒಂದು ವಾರದಲ್ಲಿ ನೀವಿಬ್ಬರೇ ತೀರ್ಮಾನ ಮಾಡ್ಕೊಳ್ಳಿ." ಮ್ಯಾನೇಜರ್ ಹೊರಟುಹೋದ.

ಕಾಲರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದವಳೇ ಎರಡು ಬೀದಿ ದಾಟಿ ಲಾಂಡ್ರಿಗೆ ಹೋದಳು. ಜಗಳದ ಮೊದಲ ನಾಲ್ಕು ವಾಕ್ಯಗಳನ್ನು ದಾರಿಯಲ್ಲೇ ಕಟ್ಟಿಕೊಂಡಿದ್ದಳು. ಬಾಗಿಲಲ್ಲೇ ಸೋಪಿನ ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು. ನಾಲ್ಕೂ ವಾಕ್ಯ ಮರೆತುಹೋದವು.

"ಕೊಡಿ ಇಲ್ಲಿ," ಎಂದು ಯಾರೋ ಕನ್ನಡಕವನ್ನು ಮೆಲ್ಲಗೆ ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಕೈಗಿತ್ತರು. ಹಾಕಿಕೊಂಡು ನೋಡಿದರೆ ಲಾಂಡ್ರಿಯ ಯಜಮಾನರು. ಬೀದಿಯವರ ಬಾಯಲ್ಲಿ ಅವರು ನೊರೆ ಸಾಹೇಬರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮೊಣಕೈವರೆಗೆ ಮಡಚಿದ ಶರ್ಟಿನ ತೋಳು ಎರಡೂ ಕಡೆ ಒಂದೇ ಅಳತೆಗಿತ್ತು. ಅದನ್ನು ಗಮನಿಸಿದ್ದಕ್ಕೆ ಕಾಲರಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು.

"ನೀವು ನನ್ನ ಕಾಲರ್ ಹಾಳು ಮಾಡಿದ್ದೀರಿ," ಎಂದಳು.

"ಬನ್ನಿ, ತೋರಿಸ್ತೀನಿ," ಎಂದರು ಸಾಹೇಬರು. ಒಗೆದಿಟ್ಟ ಉಳಿದ ಮೂವತ್ತೊಂಬತ್ತು ಶರ್ಟುಗಳನ್ನೂ ಉದ್ದದ ಮೇಜಿನ ಮೇಲೆ ಸಾಲಾಗಿ ಹರಡಿದರು. "ಈಗ ಒಂದು ತುದಿಯಿಂದ ನೋಡ್ಕೊಂಡು ಬನ್ನಿ."

ಅವಳು ನೋಡಿಕೊಂಡು ಹೋದಳು. ಐದನೆಯ ಶರ್ಟಿಗೆ ನಡಿಗೆ ನಿಧಾನವಾಯಿತು. ಹತ್ತನೆಯದಕ್ಕೆ ಮುಖದ ನೀರಿಳಿಯಿತು. ಎಲ್ಲ ಕಾಲರುಗಳಲ್ಲೂ ಗುಳ್ಳೆ ಎದ್ದದ್ದು ಎಡ ತುದಿಯಲ್ಲಿ ಮಾತ್ರ. ಬಲ ತುದಿ ಕನ್ನಡಿಯ ಹಾಗೆ ನಯವಾಗಿತ್ತು.

"ನನ್ನ ಮೆಷಿನ್‌ಗೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ," ಎಂದರು ಸಾಹೇಬರು, ಬಹಳ ಮೆತ್ತಗೆ.

ಕಾಲರಕ್ಕನ ಪ್ರೆಸ್‌ಗೆ ಗೊತ್ತಿತ್ತು. ಹದಿನೆಂಟು ವರ್ಷದಿಂದ ಅವಳು ಕಾಲರನ್ನು ಒಂದೇ ದಿಕ್ಕಿಗೆ ಇಡುತ್ತಿದ್ದಳು. ಆ ಎಡ ತುದಿ ಯಾವಾಗಲೂ ಪ್ರೆಸ್ಸಿನ ಬಿಸಿ ತಟ್ಟೆಯ ಎಡ ಅಂಚಿಗೆ.

ಮಧ್ಯಾಹ್ನ ಸಾಹೇಬರೇ ಅಂಗಡಿಗೆ ಬಂದರು. ಅಕ್ಕ ಪರಗಂಡಸೊಬ್ಬರನ್ನು ಪ್ರೆಸ್ಸಿನ ಪಕ್ಕ ನಿಲ್ಲಿಸಿಕೊಂಡದ್ದು ನೋಡಿ ತಂಗಿಯ ಕತ್ತರಿ ಅರ್ಧ ತೋಳಿನಲ್ಲೇ ನಿಂತಿತು. ಬಕ್ರಂ ಮಾರುವವನು ಎಂದೋ ಕೊಟ್ಟುಹೋಗಿದ್ದ, ಶಾಖ ತಗುಲಿದಷ್ಟು ಡಿಗ್ರಿಯ ಗುರುತಿನವರೆಗೆ ಕಪ್ಪಾಗುವ ಕಾಗದದ ಪಟ್ಟಿಗಳು ಡ್ರಾಯರಿನಲ್ಲಿ ಬಿದ್ದಿದ್ದವು. ಕಾಲರಕ್ಕ ಬಟ್ಟೆಗೂ ಬಕ್ರಂಗೂ ನಡುವೆ ನಡುಭಾಗದಲ್ಲೊಂದು, ಎಡ ಅಂಚಿನಲ್ಲೊಂದು ಪಟ್ಟಿ ಇಟ್ಟು ಹದಿನೈದು ಸೆಕೆಂಡು ಒತ್ತಿದಳು. ಪ್ರೆಸ್ಸಿನ ಮುಳ್ಳು ನೂರ ಅರವತ್ತೈದು ಡಿಗ್ರಿ ತೋರಿಸುತ್ತಿತ್ತು. ನಡುವಿನ ಪಟ್ಟಿ ನೂರ ಅರವತ್ತರವರೆಗೂ ಕಪ್ಪಾಗಿತ್ತು. ಎಡದ್ದು ನೂರ ಮೂವತ್ತಕ್ಕೇ ಸುಸ್ತಾಗಿತ್ತು.

ತುಂಡು ಆರಿದ ಮೇಲೆ ಅದನ್ನು ಎರಡು ಕೈಯಲ್ಲಿ ಹಿಡಿದು ಸುಲಿದಳು. ಬಲಗಡೆ ಉಗುರು ಮುರಿಯುವಷ್ಟು ಎಳೆಯಬೇಕಾಯಿತು. ಎಡಗಡೆ ನೆನೆದ ಅಂಚೆಚೀಟಿಯಂತೆ ಎದ್ದು ಬಂತು. ಅಂಟಿನ ಚುಕ್ಕೆಗಳು ಕರಗಿ ನೂಲಿನೊಳಗೆ ಇಳಿದೇ ಇರಲಿಲ್ಲ, ಮೇಲೆ ಮೇಲೆ ಕಚ್ಚಿಕೊಂಡಿದ್ದವು ಅಷ್ಟೇ. ಹೊಸದರಲ್ಲಿ ಯಾರ ಕಣ್ಣಿಗೂ ಬೀಳದು. ಒಗೆದಂತೆಲ್ಲ ಬಿಡುತ್ತದೆ.

"ಎಡಗಡೆ ಬಿಸಿ ಮಾಡೋ ಕಾಯಿಲ್ ಹೋಗಿದೆ," ಎಂದಳು ಕಾಲರಕ್ಕ. ಅಳು ಬರಬೇಕಾದ ಹೊತ್ತಿನಲ್ಲಿ ಯಾಕೋ ನಗು ಬರುತ್ತಿತ್ತು. "ಆದ್ರೆ ಕಫ್ ಇಡೋದು ನಡುವಲ್ಲಿ. ಅದು ಯಾಕೆ ಉಬ್ಬಿತು?"

ತಂಗಿ ಕೆಮ್ಮಿದಳು. "ಅಕ್ಕಾ, ಕಫ್‌ಗೆ ನಾನೊಂದು ಹೊಸ ರೋಲ್ ತಂದಿದ್ದೆ. ಹಳೇದು ಮುಗಿದಿತ್ತು."

"ನೆನೆಸಿದ್ಯಾ?"

"ಬಕ್ರಂನ ಯಾರು ನೆನೆಸ್ತಾರೆ?"

ಆ ರೋಲಿನಿಂದ ಐವತ್ತು ಸೆಂಟಿಮೀಟರಿನ ಚೌಕ ಕತ್ತರಿಸಿ, ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಹಿಂಡದೆ ಇಸ್ತ್ರಿ ತಾಗಿಸದೆ ಚಪ್ಪಟೆಯಾಗಿ ಒಣಗಿಸಿದರು. ಮೂವರೂ ಟೇಪಿನ ಮೇಲೆ ಬಗ್ಗಿದರು. ನಲವತ್ತೆಂಟೂವರೆ. ಒಳಗಿನ ಬಕ್ರಂ ಕುಗ್ಗಿತ್ತು, ಮೇಲಿನ ಕಪ್ಪು ಬಟ್ಟೆ ಕುಗ್ಗಿರಲಿಲ್ಲ. ಹೆಚ್ಚಾದ ಬಟ್ಟೆ ಎಲ್ಲಿಗೆ ಹೋಗಬೇಕು, ಮೇಲಕ್ಕೇ ತಾನೆ. ಬಗ್ಗಿದ್ದಾಗ ಸಾಹೇಬರ ತಲೆಯೂ ಕಾಲರಕ್ಕನ ತಲೆಯೂ ಡಿಕ್ಕಿ ಹೊಡೆದವು. ತಂಗಿ ಉಕ್ಕಿಬಂದ ನಗುವನ್ನು ಅರ್ಧ ಕತ್ತರಿಸಿದ ತೋಳಿನಲ್ಲಿ ಮುಚ್ಚಿಕೊಂಡಳು.

ಮೆಕ್ಯಾನಿಕ್ ಹೊಸ ಕಾಯಿಲ್ ಹಾಕಿದ. ಒಳ್ಳೆಯ ಬಕ್ರಂ ತಂದು ನೆನೆಸಿ ಒಣಗಿಸಿದರು, ಮೇಲಿನ ಬಟ್ಟೆಯನ್ನೂ ಒಗೆದರು. ಮೂಲೆಮೂಲೆಗೂ ಪಟ್ಟಿ ಇಟ್ಟು ಶಾಖ ಸಮನಾಗಿದೆಯೇ ನೋಡಿದರು. ಒತ್ತಿದ ತುಂಡನ್ನು ಬಿಸಿಯಲ್ಲಿ ಎತ್ತದೆ, ಮಡಚದೆ, ತಣ್ಣಗಾಗುವವರೆಗೆ ಹಾಗೇ ಮಲಗಿಸಿದರು. ನಲವತ್ತು ಶರ್ಟಿಗೆ ಕೈ ಹಾಕುವ ಮೊದಲು ಒಂದೇ ಶರ್ಟು. ಅದನ್ನು ಹತ್ತು ಸಲ ಒಗೆದು ಒಣಗಿಸಬೇಕು ಎಂದು ಕಾಲರಕ್ಕ ಹಟ ಹಿಡಿದಳು.

ಹಾಗಾಗಿ ಮೂರು ದಿನ ಅವಳು ಲಾಂಡ್ರಿಯಲ್ಲೇ. ಇಬ್ಬರೂ ಸ್ಟೂಲು ಹಾಕಿಕೊಂಡು ಮೆಷಿನ್ನಿನ ದುಂಡು ಗಾಜಿನ ಮುಂದೆ ಕೂತರು. ಒಂದೇ ಒಂದು ಬಿಳಿ ಶರ್ಟು ಒಳಗೆ ಗಿರಗಿರ ತಿರುಗುತ್ತಿತ್ತು. ಒಮ್ಮೆ ತೋಳು ಬೀಸಿ ಕರೆದಂತೆ, ಒಮ್ಮೆ ಪಲ್ಟಿ ಹೊಡೆದಂತೆ. ನಾಲ್ಕನೆಯ ಒಗೆತಕ್ಕೆ ಇಬ್ಬರೂ ಅದಕ್ಕೆ ಧೈರ್ಯ ಹೇಳುತ್ತಿದ್ದರು. ಆರನೆಯದಕ್ಕೆ ಸಾಹೇಬರು ಹಾಡು ಗುನುಗಿದರು, ಶ್ರುತಿ ತಪ್ಪಿ. ಅವಳಿಗೆ ತಾನೂ ಆ ಡ್ರಮ್ಮಿನೊಳಗೆ ತಿರುಗುತ್ತಿರುವಂತೆ ಅನ್ನಿಸಿತು, ತಲೆ ಹಗುರ, ಕಾಲು ನೆಲದ ಮೇಲಿಲ್ಲ.

ಎಂಟನೆಯ ಒಗೆತದ ನಡುವೆ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಒಂದು ತಪ್ಪೊಪ್ಪಿಗೆ ಇದೆ. ಗುಳ್ಳೆ ಮೂರನೇ ಒಗೆತಕ್ಕೇ ಬಂದಿತ್ತು. ಒದ್ದೆ ಬಟ್ಟೆ ಹಾಕಿ, ಬಿಸಿ ಇಸ್ತ್ರಿ ಒತ್ತಿ ಕೂರಿಸ್ತಾ ಇದ್ದೆ. ಮುಂದಿನ ಒಗೆತಕ್ಕೆ ಮತ್ತೆ ಏಳೋದು. ಒಂದು ತಿಂಗಳು ನಲವತ್ತೂ ಶರ್ಟಿಗೆ ಅದನ್ನೇ ಮಾಡಿದೆ. ಕಡೆಗೆ ಇಸ್ತ್ರಿಗೂ ಕೂರದಾಗ ಮ್ಯಾನೇಜರಿಗೆ ಹೇಳಲೇಬೇಕಾಯ್ತು."

"ಮೊದಲೇ ಹೇಳ್ಬಾರದಿತ್ತಾ?"

"ನಿಮ್ಮ ಅಂಗಡಿ ಶರ್ಟು ಅಂತ ಗೊತ್ತಿತ್ತು. ನಿಮಗೆ ಕೆಟ್ಟ ಹೆಸರು ಬರಬಾರದು ಅಂತ." ಅವರು ಗಾಜನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. "ಕಿಟಕಿ ಹತ್ರ ಕೂತು ಕೆಲಸ ಮಾಡ್ತೀರಲ್ಲ, ದಿನಾ ನೋಡ್ಕೊಂಡೇ ಹೋಗ್ತೀನಿ."

ಕಾಲರಕ್ಕ ಬೈಯಬೇಕೆಂದು ಬಾಯಿ ತೆರೆದಳು. ಮುಚ್ಚಿ ಹಾಕಿದ್ದಕ್ಕೇ ತನ್ನ ಪ್ರೆಸ್ ಕೆಟ್ಟದ್ದು ಒಂದು ತಿಂಗಳು ತಡವಾಗಿ ಗೊತ್ತಾಯಿತಲ್ಲ, ಬೈಗುಳಕ್ಕೆ ನ್ಯಾಯವಾದ ಕಾರಣವೇ ಇತ್ತು. ಬಂದದ್ದು ಬಿಕ್ಕಳಿಕೆ. ಸಾಹೇಬರು ನೀರು ತಂದರು. ಆಮೇಲೂ ಎರಡು ಒಗೆತ ಬಿಕ್ಕಳಿಸುತ್ತಲೇ ಇದ್ದಳು.

ಹತ್ತನೆಯ ಸಲ ಒಣಗಿ ಬಂದ ಶರ್ಟನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದರು. ಅವಳು ಕಣ್ಣು ಮುಚ್ಚಿ ಹೆಬ್ಬೆರಳನ್ನು ಎಡ ತುದಿಯಿಂದ ಬಲ ತುದಿಗೆ ಎಳೆದಳು, ಆಮೇಲೆ ಎರಡೂ ಕಫ್‌ಗಳ ಮೇಲೆ. ಎಲ್ಲೂ ಒಂದು ಸಾಸಿವೆಯಷ್ಟೂ ಉಬ್ಬು ಇರಲಿಲ್ಲ. ಕಣ್ಣು ತೆರೆದಾಗ ಸಾಹೇಬರು ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತಿದ್ದರು.

"ಪಾಸು," ಎಂದಳು.

"ಶರ್ಟಾ, ನಾನಾ?"

"ನಿಮ್ಮನ್ನ ಇನ್ನೂ ಒಗೆದು ನೋಡಿಲ್ಲ," ಎಂದಳು ಕಾಲರಕ್ಕ. ಇಬ್ಬರೂ ಎಷ್ಟು ನಕ್ಕರೆಂದರೆ, ಬಟ್ಟೆ ಕೊಡಲು ಬಂದ ಮುದುಕಿಯೊಬ್ಬಳು ಗಂಟು ಬಾಗಿಲಲ್ಲೇ ಇಟ್ಟು, ಆಮೇಲೆ ಬರ್ತೀನಿ ಎಂದು ಹೊರಟುಹೋದಳು.