ಶಕ್ಕರಳ ಖಾಲಿ ಹೊಟ್ಟೆ

ನಮ್ಮ ಯಜಮಾನರು ಉಸ್ಮಾನ, ಸಾಂಗ್ಲಿ ಕಡೆಯ ಶೇಗಾಂವದಲ್ಲಿ ಹೆಸರು ಮಾಡಿದ ದರ್ಜಿ. ಅಳತೆಯಲ್ಲಿ ನೂಲಿನಷ್ಟೂ ತಪ್ಪುವವರಲ್ಲ. ಅದೇ ಅವರ ಗುಣ, ಅದೇ ಅವರ ದೋಷ. ಒಂದು ಮಾತು ಸರಿ ಎಂದು ಒಮ್ಮೆ ತಲೆಗೆ ಹೊಕ್ಕಿತೋ, ಆಮೇಲೆ ಊರೆಲ್ಲ ಸೇರಿ ಹೇಳಿದರೂ ಅದು ಹೊರಗೆ ಬರುವುದಿಲ್ಲ. ಇಂಥವರ ಜೊತೆ ಬಾಳುವೆ ಮಾಡಿ ಮಾಡಿ ನನ್ನ ಬಾಯಿಯೂ ಹರಿತವಾಗಿದೆ, ಸುಳ್ಳೇಕೆ ಹೇಳಲಿ.

ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಅವರು ಮಷಿನ್ ತುಳಿಯುತ್ತಾರೆ, ನಾನು ಕಾಜಾ ಹೊಲಿದು ಗುಂಡಿ ಹಚ್ಚುತ್ತೇನೆ. ನನ್ನ ಪಕ್ಕದ ಚಿಂದಿ ರಾಶಿಯ ಮೇಲೆ ಶಕ್ಕರ ಮಲಗಿರುತ್ತಾಳೆ. ಬಿಳಿ ಬೆಕ್ಕು, ಸಕ್ಕರೆಯ ಬಣ್ಣದವಳು. ಮಕ್ಕಳೆಲ್ಲ ಮದುವೆಯಾಗಿ ಅವರವರ ಮನೆ ಸೇರಿದ ಮೇಲೆ ನನ್ನ ಮಾತು ಕೇಳುವ ಜೀವ ಎಂದರೆ ಅವಳೊಬ್ಬಳೇ. ಯಜಮಾನರಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಕೂದಲು ಕಪ್ಪು ಸೂಟಿನ ಬಟ್ಟೆಗೆ ಅಂಟುತ್ತದೆ ಎಂದು ದಿನಾ ಗೊಣಗುತ್ತಿದ್ದರು.

ರಂಜಾನ್ ತಿಂಗಳಲ್ಲಿ ನಾವು ಸಹರಿಗೆ, ಎಂದರೆ ರೋಜಾ ಹಿಡಿಯುವ ಮುಂಚಿನ ಊಟಕ್ಕೆ, ಏಳುತ್ತೇವೆ. ನಸುಕಿನಲ್ಲಿ ನಾವು ಉಣ್ಣುವಾಗ ಶಕ್ಕರಳೂ ಬಂದು ಕುಳಿತು ಬೇಯಿಸಿದ ಕೋಳಿ ತುಣುಕು ತಿನ್ನುತ್ತಿದ್ದಳು. ಈದ್ ಮುಗಿಯಿತು, ನಾವು ಬೆಳಗಾಗುವ ತನಕ ಮಲಗತೊಡಗಿದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಕಿದ್ದೇ ಅವಳ ಊಟ. ಆಮೇಲೆ ಮರುದಿನ ನನ್ನ ಕಸ, ಮುಸುರೆ, ನೀರು ಎಲ್ಲ ಮುಗಿದ ಮೇಲೇ ಮುಂದಿನದು. ಹಬ್ಬ ಕಳೆದು ಸ್ವಲ್ಪ ದಿನವಾಗಿತ್ತು. ಒಂದು ಬೆಳಗ್ಗೆ ಕತ್ತರಿಸಿಟ್ಟ ಪ್ಯಾಂಟಿನ ಬಟ್ಟೆಯ ಮೇಲೆ ಹಳದಿ ನೀರು, ಮೇಲೆ ನೊರೆ.

"ಹಜರಾ! ನಿನ್ನ ಲಾಡ್ಲಿ ಏನ್ ಮಾಡ್ಯಾಳ ಬಂದ್ ನೋಡು!" ಎಂದು ಯಜಮಾನರು ಅಂಗಡಿ ಹಾರಿಹೋಗುವಂತೆ ಕೂಗಿದರು.

ಒಂದೆರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು, ಮತ್ತೊಮ್ಮೆ ಆಯಿತು. ಹಲ್ಲಿ ತಿಂದಿರಬೇಕು ಎಂದು ಒಬ್ಬರು, ದೃಷ್ಟಿಯಾಗಿದೆ ಎಂದು ಇನ್ನೊಬ್ಬರು. ನಾನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಕ್ಕರಳನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಓಢಣಿ ಕಟ್ಟಿಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಎಮ್ಮೆ, ಆಡು, ಮಾಡಗ್ಯಾಳದ ಡೊಂಕು ಮೂಗಿನ ಕುರಿಗಳು. ನನ್ನ ಬುಟ್ಟಿಯೊಳಗಿಂದ ಮಿಯಾಂವ್ ಎಂದಾಗ ಕುರಿಯವರೆಲ್ಲ ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಯಿತು!

ಡಾಕ್ಟರ್ ಶೈಲಾ ನಗಲಿಲ್ಲ. ಶಕ್ಕರಳ ಹೊಟ್ಟೆ ಒತ್ತಿ ನೋಡಿದರು, ಒಸಡು ನೋಡಿದರು, ತೂಕ ಮಾಡಿದರು. "ವಾಂತಿ ಯಾವಾಗ ಮಾಡ್ತಾಳ್ರಿ, ತಿಂದ ಮ್ಯಾಲೋ ತಿನ್ನೋಕಿಂತ ಮೊದಲೋ?"

"ಮೊದಲ ರಿ. ನಸುಕಿನಾಗ."

"ಆಮ್ಯಾಲೆ ಊಟಾ ಹಾಕಿದ್ರ?"

"ನನ್ನ ಕೈ ಕಚ್ಚಿ ತಿಂತಾಳ್ರಿ. ತಿಂದು ಇಡೀ ದಿನ ದಾರದ ಉಂಡಿ ಹಿಂದ ಓಡ್ತಾಳ."

"ಹಂಗಾರ ಇದು ಪಿತ್ತ ರಿ," ಎಂದರು. ಯಕೃತ್ತಿನಿಂದ ಪಿತ್ತ ಕರುಳಿಗೆ ಇಳಿಯುತ್ತಲೇ ಇರುತ್ತದೆಯಂತೆ. ಹೊಟ್ಟೆ ಬಹಳ ಹೊತ್ತು ಖಾಲಿ ಬಿದ್ದರೆ ಕೆಲವು ಬೆಕ್ಕುಗಳಲ್ಲಿ ಅದು ಹಿಂದಕ್ಕೆ ಹೊಟ್ಟೆಗೆ ಬಂದು ಕೆರಳಿಸಿ ವಾಂತಿ ಮಾಡಿಸುತ್ತದೆಯಂತೆ. ಸಹರಿಯ ಊಟ ನಿಂತದ್ದೇ ಕಾರಣ ಇರಬಹುದು. ಮಲಗುವ ಮುಂಚೆ ಒಂದಿಷ್ಟು, ಎದ್ದ ಕೂಡಲೇ ಒಂದಿಷ್ಟು ಕೊಡಿ, ದಿನದ ಊಟ ಹೆಚ್ಚಿಸಬೇಡಿ, ಅದನ್ನೇ ಸಣ್ಣ ಸಣ್ಣ ಪಾಲು ಮಾಡಿ ಎಂದರು. ಬುಟ್ಟಿ ಎತ್ತಿಕೊಂಡು ಏಳುವಾಗ ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು. "ಅಮ್ಮಾ, ಇದೊಂದು ಮರೀಬ್ಯಾಡ್ರಿ. ಊಟದ ಹೊತ್ತು ಬದಲ್ ಮಾಡಿದ್ರೂ ನಿಲ್ಲಲಿಲ್ಲ ಅಂದ್ರ, ದಿನದಾಗ ಎರಡ್ಮೂರು ಸಲ ಆತಂದ್ರ, ಊಟಾ ಬಿಟ್ಲಂದ್ರ, ಮೂಲ್ಯಾಗ ಅಡಗಿ ಕುಂತ್ಲಂದ್ರ, ರಕ್ತ ಕಂಡ್ರ, ತಡಾ ಮಾಡಬ್ಯಾಡ್ರಿ. ಬೆಕ್ಕು ಒಂದು ದಿನ ಪೂರಾ ಉಪಾಸ ಇತ್ತಂದ್ರ ಅದರ ಯಕೃತ್ತಿಗೇ ಧಕ್ಕಿ."

ಊಟದ ಹೊತ್ತು ಬದಲಿಸಿದೆವು, ವಾಂತಿ ನಿಂತಿತು. ತಮಾಷೆ ಎಂದರೆ, ರಾತ್ರಿಯ ಪಾಲು ಹಾಕುವ ಕೆಲಸವನ್ನು ಯಜಮಾನರೇ ವಹಿಸಿಕೊಂಡರು. ಬಟ್ಟೆ ಕೆಡದಿರಲಿ ಎಂದು, ಪ್ರೀತಿಗೇನಲ್ಲ ಎಂದು ಹೇಳಿಕೊಂಡರು. ಅಲ್ಲಿಂದ ಅವರೇ ದೊಡ್ಡ ಡಾಕ್ಟರ್! ಅಳತೆ ಕೊಡಲು ಬಂದವರಿಗೆಲ್ಲ ಬೆಕ್ಕಿನ ಪಿತ್ತದ ಪಾಠ. ಪಕ್ಕದ ಮನೆಯ ಜೀಪಿನ ದತ್ತಾ ತನಗೆ ತಲೆನೋವು ಎಂದರೂ "ಖಾಲಿ ಹೊಟ್ಟಿ ಇರಬೇಕು ನೋಡಪಾ" ಎನ್ನುತ್ತಿದ್ದರು.

ಮದುವೆಯ ಸೀಜನ್ ಬಂತು. ಬಾಲಗಾಂವದ ಒಬ್ಬ ಮದುಮಗನ ಶೇರವಾನಿ ನಮ್ಮಲ್ಲಿ ಹೊಲಿಗೆಗೆ ಬಂದಿತ್ತು. ಕೊರಳಪಟ್ಟಿಗೆ ಕೈಹೊಲಿಗೆ, ಅಂಚಿಗೆ ಕೈಹೊಲಿಗೆ, ನೆಲದ ತುಂಬ ದಾರ. ಒಂದು ಮಧ್ಯಾಹ್ನ ಶಕ್ಕರ ಎದ್ದು ಹಳದಿ ನೀರು ಕಾರಿದಳು.

"ಖಾಲಿ ಹೊಟ್ಟಿ," ಎಂದರು ಯಜಮಾನರು ಮಷಿನ್ ನಿಲ್ಲಿಸದೆ. "ಏನರ ತಿನ್ಸು."

ತತ್ತಿ ಬೇಯಿಸಿ ಹಾಕಿದೆ. ಮೂಸಿದಳು, ಜೊಲ್ಲು ನುಂಗಿದಳು, ಮುಖ ತಿರುವಿದಳು. ಅವರೇ ಎದ್ದು ಬಂದು ಹಾಲು ಬೆಚ್ಚಗೆ ಮಾಡಿಟ್ಟರು. ಎರಡು ಸಲ ನೆಕ್ಕಿದಳು, ಅದೂ ಹೊರಗೆ ಬಂತು. ರಾತ್ರಿ ಹಾಕಿದ ಪಾಲು ಬೆಳಗ್ಗೆ ತಟ್ಟೆಯಲ್ಲಿ ಹಾಗೇ ಒಣಗಿತ್ತು. ಶಕ್ಕರ ಟ್ರಂಕಿನ ಹಿಂದೆ ಮುದುಡಿ ಕುಳಿತಿದ್ದಳು, ಮುಂದೆ ಮತ್ತೆ ಅದೇ ಹಳದಿ. ಕರೆದರೆ ಕಿವಿ ಕೂಡ ಅಲುಗಿಸಲಿಲ್ಲ.

"ನಡ್ರಿ, ದವಾಖಾನಿಗೆ," ಎಂದೆ.

"ಅದಽ ಪಿತ್ತ. ಅದಽ ಹಳದಿ. ಹೊಟ್ಟಿ ಖಾಲಿ ಐತಿ ಅಷ್ಟಽ."

"ಖಾಲಿ ಐತಿ, ಖರೆ. ಯಾಕ ಖಾಲಿ ಐತಿ? ಅವತ್ತು ನಾವು ಕೊಟ್ಟಿರಲಿಲ್ಲ, ಖಾಲಿ ಇತ್ತು. ಇವತ್ತು ಕೊಟ್ರೂ ಒಲ್ಲೆ ಅಂತಾಳ. ಎರಡೂ ಒಂದಽ ಏನ್ರಿ?"

ಅವರ ಕಾಲು ಮಷಿನ್ ಮೇಲೆ ನಿಂತಿತು. ಆದರೆ ಬಾಯಿ ಸೋಲುವುದೇ? "ಮಧ್ಯಾಹ್ನಕ್ಕ ಬಾಲಗಾಂವದವರು ಬರ್ತಾರ. ಅಂಚು ಇನ್ನೂ ಆಗಿಲ್ಲ. ಒಂದ್ ಬೆಕ್ಕಿನ ಸಲುವಾಗಿ…"

"ಹೌದು, ಒಂದ್ ಬೆಕ್ಕಿನ ಸಲುವಾಗಿ! ನೀವು ನಿಮ್ಮ ಶೇರವಾನಿ ಅಪ್ಕೊಂಡು ಕುಂದ್ರಿ," ಎಂದು ಬುಟ್ಟಿ ಎತ್ತಿಕೊಂಡು ಹೊರಬಿದ್ದೆ. ಸಿಟ್ಟಿಗೆ ಕಣ್ಣೀರು ಬಂದಿತ್ತು. ಅವಳು ಸತ್ತರೆ ಈ ಮನುಷ್ಯನ ಜೊತೆ ಮತ್ತೆ ಮಾತಾಡುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಬೇವಿನ ಮರದ ತಿರುವಿನಲ್ಲಿ ಹಿಂದೆ ಚಪ್ಪಲಿ ಸದ್ದು. ಅಂಗಡಿಯ ಬಾಗಿಲು ಎಳೆದು ಬಂದಿದ್ದರು, ಅಳತೆಯ ಟೇಪು ಕೊರಳಲ್ಲೇ ಇತ್ತು. ಬುಟ್ಟಿ ನನ್ನ ಕೈಯಿಂದ ತೆಗೆದುಕೊಂಡರು.

ದವಾಖಾನೆಯಲ್ಲಿ ಡಾಕ್ಟರಿಗೆ ಎಲ್ಲ ಹೇಳಿದೆ. ಹೊಟ್ಟೆ ಮುಟ್ಟಿದರೆ ಶಕ್ಕರ ನರಳಿದಳು. ಡಾಕ್ಟರ್ ಅವಳ ಬಾಯಿ ಅಗಲಿಸಿ, ಗದ್ದದ ಕೆಳಗಿನಿಂದ ಬೆರಳು ಒತ್ತಿ ನಾಲಗೆ ಮೇಲೆತ್ತಿದರು. ನಾಲಗೆಯ ಬುಡಕ್ಕೆ ಸುತ್ತಿಕೊಂಡು ಒಂದು ಎಳೆ ಕಾಣಿಸಿತು. ಕೆಂಪು ಹೊಲಿಗೆ ದಾರ.

ತಲೆ ಹಿಡಿದಿದ್ದ ಯಜಮಾನರಿಗೂ ಕಂಡಿತು. ಜನ್ಮವೆಲ್ಲ ದಾರದ ಜೊತೆ ಕಳೆದವರು. ಬಿಟ್ಟ ಎಳೆ ಕಂಡರೆ ಅವರ ಬೆರಳು ಕೇಳದೆ ಹೋಗಿ ಎಳೆದುಬಿಡುತ್ತವೆ. ಹೋದವು ಕೂಡ.

"ಎಳೀಬ್ಯಾಡ್ರಿ!" ಡಾಕ್ಟರ್ ಕೂಗಿದ್ದಕ್ಕೂ ನಾನು ಯಜಮಾನರ ಕೈ ಮೇಲೆ ಹೊಡೆದದ್ದಕ್ಕೂ ಸರಿಹೋಯಿತು. "ಒಂದು ತುದಿ ಇಲ್ಲಿ ಸಿಕ್ಕೊಂಡೈತಿ, ಉಳಿದದ್ದು ಕರುಳಿನಾಗ ಹೋಗೈತಿ. ಕರುಳು ಅದನ್ನ ಮುಂದಕ್ಕ ದೂಡಾಕ ಹೋಗಿ ತಾನಽ ಮುದುಡ್ತೈತಿ. ಎಳದ್ರ ದಾರ ಕರುಳು ಕೊಯ್ತೈತ್ರಿ."

ಯಜಮಾನರು ಕೈ ಹಿಂದಕ್ಕೆ ಎಳೆದುಕೊಂಡರು. "ನಿರಿಗಿ," ಎಂದರು ಆಮೇಲೆ, ಅರ್ಧ ದನಿಯಲ್ಲಿ. "ಕಚ್ಚಾ ಹೊಲಿಗಿ ಹಾಕಿ ದಾರ ಎಳದ್ರ ಬಟ್ಟಿ ನಿರಿಗಿ ಬೀಳ್ತೈತಿ. ಹಂಗಽ ಅಲ್ರಿ?"

"ಹಂಗಽ ರಿ. ಇದನ್ನ ಬಿಡಿಸೋದು ಇಲ್ಲಿ ಆಗೂದಿಲ್ಲ. ಸಾಂಗ್ಲಿಗೆ ಒಯ್ರಿ, ಈಗಽ. ದಾರಿ ಒಳಗ ಹಾಲು, ಅನ್ನ ಏನೂ ಹಾಕಬ್ಯಾಡ್ರಿ." ಮೈಯ ನೀರು ಒಣಗಿದೆ ಎಂದು ಸಲಾಯಿನ್ ಹಚ್ಚಿ, ಸಾಂಗ್ಲಿಯ ಸಣ್ಣ ಪ್ರಾಣಿಗಳ ದವಾಖಾನೆಗೆ ಫೋನು ಮಾಡಿದರು. "ಪಿತ್ತ ಅಂತ ಹೇಳಿದ್ದು ನಾನಽ. ಅವತ್ತು ಅದು ಪಿತ್ತಽ ಇತ್ತು. ಆದ್ರ ಹಳದಿ ಬಣ್ಣ ಹೊಟ್ಟಿ ಖಾಲಿ ಐತಿ ಅಂತ ಅಷ್ಟಽ ಹೇಳ್ತೈತ್ರಿ, ಜಡ್ಡಿನ ಹೆಸರು ಹೇಳೂದಿಲ್ಲ."

ದತ್ತಾನ ಜೀಪು ಬಂತು. ಬಾಲಗಾಂವದವರಿಗೆ ಯಜಮಾನರೇ ಫೋನು ಮಾಡಿ, ಬಟ್ಟೆ ಇವತ್ತು ಆಗುವುದಿಲ್ಲ ಎಂದು ಜನ್ಮದಲ್ಲಿ ಮೊದಲ ಸಲ ಹೇಳಿದರು. ಆ ಕಡೆಯವರು ಬೈದದ್ದು ನನಗೂ ಕೇಳಿಸಿತು. ಫೋನು ಜೇಬಿಗೆ ಹಾಕಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ರಸ್ತೆಯ ಕುಳಿಗಳಿಗೆಲ್ಲ ದತ್ತಾನನ್ನು ಬೈಯುತ್ತಿದ್ದರು.

ಸಾಂಗ್ಲಿಯಲ್ಲಿ ಎಕ್ಸ್‌ರೇ ತೆಗೆದು, ಪುಣ್ಯಕ್ಕೆ ದಾರದ ಜೊತೆ ಸೂಜಿ ನುಂಗಿಲ್ಲ ಎಂದರು. ಹೊಟ್ಟೆ ಕೊಯ್ದು, ಕರುಳನ್ನು ಒಂದಕ್ಕಿಂತ ಹೆಚ್ಚು ಕಡೆ ಸೀಳಿ ದಾರ ತೆಗೆದು ಹೊಲಿದರು. ಕರುಳು ಇನ್ನೂ ತೂತು ಬಿದ್ದಿರಲಿಲ್ಲ, ಒಂದು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಯಾ ಅಲ್ಲಾ! ಯಜಮಾನರು ಮಾತ್ರ ಶಕ್ಕರಳ ಹೊಟ್ಟೆಯ ಹೊಲಿಗೆಯನ್ನು ಬಗ್ಗಿ ನೋಡುತ್ತಿದ್ದರು. "ಚಲೋ ಕೈ ಐತಿ," ಎಂದರು.

ಗಂಡಾಂತರ ಅಲ್ಲಿಗೆ ಮುಗಿಯಲಿಲ್ಲ. ಅಲ್ಲಿ ಇಟ್ಟುಕೊಂಡಷ್ಟು ಹೊತ್ತೂ ಶಕ್ಕರ ತಾನಾಗಿ ಒಂದು ತುತ್ತು ಮುಟ್ಟಲಿಲ್ಲ. ಅಲ್ಲಿಯ ಡಾಕ್ಟರು, ಪರಸ್ಥಳಕ್ಕೆ ಹೆದರಿರಬಹುದು, ಮನೆಗೆ ಒಯ್ಯಿರಿ ಎಂದರು. ಮೆತ್ತಗಿನ ಊಟವನ್ನು ಚಮಚೆಯಷ್ಟೇ ಕೊಡಿ, ಬಿಟ್ಟು ಬಿಟ್ಟು ಕೊಡಿ. ನಾಳೆಯೂ ತಿನ್ನದಿದ್ದರೆ ಕರೆತನ್ನಿ, ನಳಿಗೆ ಹಾಕಿ ಉಣ್ಣಿಸಬೇಕಾಗುತ್ತದೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿ ಕಳಿಸಿದರು.

ಮನೆಯಲ್ಲೂ ತಿನ್ನಲಿಲ್ಲ. ಬೆರಳಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿದೆ, ಮುಖ ತಿರುವಿದಳು. ಯಜಮಾನರು ನೆಲದ ಮೇಲಿನ ಒಂದೊಂದೇ ದಾರವನ್ನು ಹೆಕ್ಕಿ ಮುಚ್ಚಳದ ಡಬ್ಬಿಗೆ ಹಾಕುತ್ತಿದ್ದರು. ನಾನು ಅವರನ್ನು ಬೈಯಲಿಲ್ಲ.

ನಸುಕಿನ ಫಜರ್ ನಮಾಜಿಗೆ ಅವರು ಎದ್ದಾಗ ನನಗೆ ಮಂಪರು. ಒಮ್ಮೆಲೇ ಅಡುಗೆಮನೆಯಿಂದ ಕೂಗು ಕೇಳಿಸಿತು. ಮೊದಲು ಬೆಕ್ಕಿನದು, ಹಿಂದೆಯೇ ನನ್ನ ಗಂಡನದು.

"ಹಜರಾ! ಲಗೂನ ಬಾ! ಹಸದಾಳ! ಅಕಿಗೆ ಹಸಿವಾಗೈತಿ!"

ಓಡಿಹೋದೆ. ಶಕ್ಕರ ಹೊಸ್ತಿಲ ಮೇಲೆ ನಿಂತು ಗಂಟಲು ಬಿಚ್ಚಿ ಅರಚುತ್ತಿದ್ದಳು. ಯಜಮಾನರು ಒಂದು ಚಮಚೆ ಹಾಕಿದರು. ನೆಕ್ಕಿ ಖಾಲಿ ಮಾಡಿದಳು. ಇಬ್ಬರೂ ಉಸಿರು ಹಿಡಿದು ಅವಳ ಹೊಟ್ಟೆಯನ್ನೇ ನೋಡುತ್ತ ಕುಳಿತೆವು. ಹೊಟ್ಟೆ ಎಳೆದುಕೊಳ್ಳಲಿಲ್ಲ, ತಿಂದದ್ದು ಒಳಗೇ ನಿಂತಿತು. ಅವಳು ಖಾಲಿ ತಟ್ಟೆಯನ್ನು ನೋಡಿ, ಅವರ ಮುಖ ನೋಡಿ ಇನ್ನೂ ಜೋರಾಗಿ ಅರಚಿದಳು.

"ಇನ್ನೊಂದಿಷ್ಟು ಹಾಕ್ರಿ," ಎಂದೆ ತಡೆಯಲಾಗದೆ.

"ಇಲ್ಲ. ಒಮ್ಮೆಗೆ ಒಂದಽ ಚಮಚಿ ಅಂದಾರ." ಅವರು ಡಬರಿಯ ಮೇಲೆ ಮುಚ್ಚಳ ಇಟ್ಟು ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಗಡ್ಡದೊಳಗೆ ಕಣ್ಣೀರು ಇಳಿಯುತ್ತಿತ್ತು. ಶಕ್ಕರ ಅವರ ಮೊಣಕಾಲಿಗೆ ಉಗುರು ಹಾಕಿ ಬಾಯಿಗೆ ಬಂದಂತೆ ಬೈಯುತ್ತಿದ್ದಳು.

"ಬೈ ನಮ್ಮವ್ವಾ," ಎಂದರು. "ಇನ್ನಷ್ಟು ಬೈ."