ಟೋಕನ್ ಇನ್ನೂರ ಹದಿನಾರರ ಸಮಜಾಯಿಷಿ

ಶೋಕಾಸ್ ನೋಟಿಸ್ ಕೈಗೆ ಬಂದಾಗ ನಾನು ನಕ್ಕೆ. ನಗದೆ ಇನ್ನೇನು ಮಾಡಲಿ? 'ಟೋಕನ್ ಸಂಖ್ಯೆ ೨೧೬ ಆದ ತಾವು ಕಳೆದ ಎರಡು ತಿಂಗಳಲ್ಲಿ ಹನ್ನೊಂದು ಬಾರಿ ತಡವಾಗಿ ಕೆಲಸಕ್ಕೆ ಹಾಜರಾಗಿರುವುದು ಗೇಟಿನ ರಿಜಿಸ್ಟರಿನಿಂದ ಕಂಡುಬಂದಿರುತ್ತದೆ. ತಮ್ಮನ್ನು ಖಾಯಂ ಮಾಡದೆ ಪ್ರೊಬೇಷನ್ ಅವಧಿಯಲ್ಲೇ ಏಕೆ ಕೆಲಸದಿಂದ ತೆಗೆಯಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.' ಕೆಳಗೆ ಹನ್ನೊಂದು ತಾರೀಖುಗಳ ಪಟ್ಟಿ.

ಗೇಟಿನ ರಿಜಿಸ್ಟರ್ ಬರೆಯುವ ಗೇಟ್‌ಕೀಪರ್ ಯಾರು ಗೊತ್ತೇ? ನಮ್ಮಪ್ಪ. ಬೆಳಿಗ್ಗೆ ನಾನು ಕಟ್ಟಿಕೊಟ್ಟ ಬುತ್ತಿ ತೆಗೆದುಕೊಂಡು, ನಾನು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಆರೂವರೆಗೆ ಸೈಕಲ್ ಹತ್ತಿ ಹೋಗುವ ಮನುಷ್ಯ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು ಹೋಗಿರಬೇಕು.

ನಾನಿರುವುದು ಸ್ವಿಚ್ ಮಾಡುವ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ. ಸ್ವಿಚ್ಚನ್ನು ಟಕ್ ಟಕ್ ಅನ್ನಿಸಿ ದೀಪ ಹತ್ತಿದರೆ ಈ ಡಬ್ಬಕ್ಕೆ, ಹತ್ತದಿದ್ದರೆ ಆ ಡಬ್ಬಕ್ಕೆ. ಖಾಯಂ ಆಗುವುದಕ್ಕೆ ಇನ್ನು ಇಪ್ಪತ್ತು ದಿನ ಉಳಿದಿತ್ತು. ಅಪ್ಪ ರಿಟೈರ್ ಆಗಲು ನಾಲ್ಕು ತಿಂಗಳು. ಆಮೇಲೆ ಮನೆ ನಡೆಯಬೇಕಾದದ್ದು ನನ್ನ ಕೆಲಸದಿಂದಲೇ. ಇದು ಅಪ್ಪನಿಗೆ ಗೊತ್ತಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತು.

ಸಂಜೆ ನೋಟಿಸನ್ನು ಅಪ್ಪನ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿ, ಮಡಿಸಿ ವಾಪಸ್ಸು ಕೊಟ್ಟ.

"ತಾರೀಖು ಎಲ್ಲಾ ಸರಿಯಾಗಿದೆ," ಅಂದ.

"ಸರಿಯಾಗಿದೆಯಾ? ಅಷ್ಟೇನಾ ನೀನು ಹೇಳೋದು?"

"ಇನ್ನೇನು ಹೇಳ್ಲಿ? ಎಂಟು ಗಂಟೆಗೆ ಅಂದ್ರೆ ಎಂಟು ಗಂಟೆಗೆ ಬರ್ಬೇಕು."

"ವಾರಕ್ಕೊಂದೆರಡು ಸಲ ನೀರು ಬಿಡೋದು, ಅದೂ ಏಳು ಗಂಟೆಗೆ! ತುಂಬಿಸೋರು ಯಾರು? ನೀನು ಗೇಟ್ ಹತ್ರ ನಿಂತಿರ್ತೀಯ. ಅಮ್ಮನ ಕೈಲಿ ಕೊಡ ಎತ್ತಕ್ಕಾಗಲ್ಲ. ಏಳು ಹತ್ತರ ಬಸ್ ಹೋದ್ಮೇಲೆ ಮುಂದಿನದ್ದು ಏಳೂವರೆಗೆ. ಅದು ಫ್ಯಾಕ್ಟರಿ ಸ್ಟಾಪಿಗೆ ಬರೋದು ಎಂಟಕ್ಕೆ. ನಾನೇನು ರೆಕ್ಕೆ ಕಟ್ಕೊಂಡು ಬರ್ಲಾ?"

"ಮೇಲಧಿಕಾರಿಗಳಿಗೆ ಅದನ್ನೇ ಬರಿ. ನನಗ್ಯಾಕೆ ಹೇಳ್ತೀಯ?"

ಒಳಗಿಂದ ಅಮ್ಮ, "ರೀ, ಅವ್ಳು ನಿಮ್ಮ ಮಗಳು ಕಣ್ರೀ," ಅಂದಳು. ಅಪ್ಪ ರೇಡಿಯೋ ಹಾಕಿದ. ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಆ ರಾತ್ರಿ ನಾನು ಬರೆದ ಮೊದಲ ಸಮಜಾಯಿಷಿ ನಾಲ್ಕು ಪುಟವಿತ್ತು. ಅದರಲ್ಲಿ ನೀರು, ಬಸ್ಸು, ಅಮ್ಮನ ಸೊಂಟನೋವು, ಹೆಣ್ಣುಮಕ್ಕಳ ಹಣೆಬರಹ ಎಲ್ಲವೂ ಇತ್ತು.

ಮರುದಿನ ಊಟದ ಹೊತ್ತಿನಲ್ಲಿ ಅದನ್ನು ಲಾಯರ್ ಮಾವನಿಗೆ ತೋರಿಸಿದೆ. ಲಾಯರ್ ಮಾವ ಲಾಯರಲ್ಲ, ಫಿಟ್ಟರ್. ಯೂನಿಯನ್ನಿನಲ್ಲಿದ್ದು ಇಪ್ಪತ್ತು ವರ್ಷದಿಂದ ಎಲ್ಲರ ನೋಟಿಸಿಗೂ ಉತ್ತರ ಬರೆದುಕೊಟ್ಟು ಆ ಹೆಸರು ಬಂದಿದೆ. ಗ್ರೀಸಿನ ಬೆರಳಿಂದಲೇ ಪುಟ ತಿರುವಿದರು.

"ಇದೇನಮ್ಮ, ಸಮಜಾಯಿಷಿನೋ ಹರಿಕಥೆನೋ?"

"ಎಲ್ಲಾ ನಿಜ ಮಾವ."

"ನಿಜ ಇರ್ಲಿ. ಆದ್ರೆ ಮೊದಲನೇ ಸಾಲಲ್ಲೇ 'ತಡವಾಗಿದ್ದಕ್ಕೆ ಕ್ಷಮೆ ಇರಲಿ' ಅಂದ್ಬಿಟ್ಟಿದ್ದೀಯಲ್ಲ. ತಪ್ಪು ಒಪ್ಪಿಕೊಂಡ ಹಾಗಾಯ್ತು. ಆಮೇಲೆ ನಾಲ್ಕು ಪುಟ ಅತ್ರೂ ಒಂದೇ, ನಲವತ್ತು ಪುಟ ಅತ್ರೂ ಒಂದೇ. ಎಷ್ಟು ತಡ ಆಗಿತ್ತು?"

"ನಾಲ್ಕು ನಿಮಿಷ, ಐದು ನಿಮಿಷ... ನೋಟಿಸಲ್ಲಿ ಹಾಕಿಲ್ಲ."

ಅವರು ಅಗಿಯುವುದನ್ನು ನಿಲ್ಲಿಸಿದರು. "ನಿಮಿಷ ಹಾಕಿಲ್ವಾ? ಹಾಗಾದ್ರೆ ಪೆನ್ನು ಕೆಳಗಿಡು. ಮೊದ್ಲು ರಿಜಿಸ್ಟರ್ ನೋಡ್ಬೇಕು ಅಂತ ಅರ್ಜಿ ಕೊಡು. ಯಾವ ದಾಖಲೆ ಮೇಲೆ ಆರೋಪ ಹೊರಿಸಿದಾರೋ ಅದನ್ನ ನೋಡೋ ಹಕ್ಕು ನಿನಗಿದೆ."

ಅರ್ಜಿ ಕೊಟ್ಟೆ. ಮಧ್ಯಾಹ್ನ ಪರ್ಸನಲ್ ವಿಭಾಗದ ಗುಮಾಸ್ತೆ ಮುಖ ಸಿಂಡರಿಸಿಕೊಂಡು ಎರಡು ತಿಂಗಳ ರಿಜಿಸ್ಟರನ್ನು ಮೇಜಿನ ಮೇಲೆ ಹಾಕಿದಳು. ಅಪ್ಪನ ಅಕ್ಷರ ನನಗೆ ದೂರದಿಂದಲೇ ಗುರುತು. ಒಂದೊಂದೇ ತಾರೀಖು ತೆಗೆದೆ. ೨೧೬, ಎಂಟು ನಾಲ್ಕು. ೨೧೬, ಎಂಟು ಐದು. ೨೧೬, ಎಂಟು ಏಳು. ಅತಿ ಹೆಚ್ಚೆಂದರೆ ಎಂಟು ಒಂಬತ್ತು, ಅದೂ ಒಂದೇ ದಿನ.

ಆದರೆ ಅದೇ ಬಸ್ಸಿನಿಂದ ನನ್ನ ಜೊತೆ ಇಳಿದು ಓಡಿ ಬರುವ ಹದಿಮೂರು ಜನ ಎಲ್ಲಿ? ಪ್ಯಾಕಿಂಗಿನ ಅಕ್ಕಂದಿರು, ಸ್ಟೋರಿನ ಬೋಳುತಲೆ, ನನ್ನ ಪಕ್ಕದ ಮೇಜಿನಲ್ಲಿ ಸದಾ ನಗುವ ನಮ್ಮ ಕಿಲಕಿಲ? ಒಬ್ಬರೂ ಇಲ್ಲ. ಪುಟ ಹಿಂದೆ ತಿರುಗಿಸಿದೆ, ಮುಂದೆ ತಿರುಗಿಸಿದೆ. ಬೇರೆಯವರ ಟೋಕನ್ ಇದ್ದದ್ದು ಎಂಟು ಹನ್ನೆರಡಕ್ಕೆ, ಎಂಟು ಇಪ್ಪತ್ತಕ್ಕೆ. ಎಂಟರಿಂದ ಎಂಟು ಹತ್ತರೊಳಗೆ ಇಡೀ ರಿಜಿಸ್ಟರಿನಲ್ಲಿ ಒಂದೇ ಒಂದು ಪ್ರಾಣಿ, ಅದು ನಾನು.

ಲಾಯರ್ ಮಾವ ನನ್ನನ್ನು ಕರೆದುಕೊಂಡು ಹೋಗಿ ಕ್ಯಾಂಟೀನಿನ ಗೋಡೆಯ ಮೇಲಿನ ಸ್ಥಾಯಿ ಆದೇಶಗಳ, ಅಂದರೆ ಫ್ಯಾಕ್ಟರಿ ನಿಯಮಗಳ, ಹಲಗೆ ತೋರಿಸಿದರು. ಗಾಜಿನ ಮೇಲೆ ಧೂಳು ಕೂತು ಅಕ್ಷರ ಕಾಣುತ್ತಿರಲಿಲ್ಲ, ಅಂಗಿಯ ತೋಳಿನಿಂದ ಒರೆಸಿದರು. 'ಪಾಳಿ ಆರಂಭವಾದ ಹತ್ತು ನಿಮಿಷಗಳೊಳಗೆ ಹಾಜರಾದವರನ್ನು ತಡವಾಗಿ ಬಂದವರೆಂದು ಪರಿಗಣಿಸತಕ್ಕದ್ದಲ್ಲ.'

"ಹತ್ತು ನಿಮಿಷದೊಳಗೆ ಬಂದೋರನ್ನ ನಿಮ್ಮಪ್ಪ ಬರೆಯೋದೇ ಇಲ್ಲ," ಅಂದರು ಮಾವ. "ಅದಕ್ಕೇ ಆಫೀಸಿನೋರು ನಿಮಿಷ ನೋಡಲ್ಲ. ರಿಜಿಸ್ಟರಲ್ಲಿ ಟೋಕನ್ ಇದ್ರೆ ತಡ ಅಂತ ಎಣಿಸ್ಕೊಂಡು ಹೋಗ್ತಾರೆ. ನಿನ್ನೊಬ್ಬಳನ್ನೇ ಯಾಕೆ ಬರೆದ್ರಂತೆ?"

ಯಾಕೆ ಎಂದು ನನಗೆ ಅರ್ಥವಾಗಿಬಿಟ್ಟಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಸಂಜೆ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಶುರುಮಾಡಿದೆ. "ಹದಿಮೂರು ಜನ ಅಪ್ಪಾ! ಹದಿಮೂರು ಜನರನ್ನ ಬಿಟ್ಟು ನನ್ನ ಒಬ್ಬಳನ್ನೇ ಬರೆದಿದ್ದೀಯ!"

ಅಪ್ಪ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ. "ಅವರು ಯಾರೂ ನನ್ನ ಮಕ್ಕಳಲ್ಲ."

"ಅಂದ್ರೆ?"

"ಗೇಟ್‌ಕೀಪರ್ ಮಗಳು ಅಂತ ಬಿಟ್ಟ ಅನ್ನಬಾರದು ಯಾರೂ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಫೈಲಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ."

"ಹತ್ತು ನಿಮಿಷ ಅನ್ನೋ ರೂಲು ನನಗೆ ಇಲ್ವಾ?"

"ಇದೆ. ಆದ್ರೆ ಮಗಳಿಗೆ ಅದನ್ನ ಕೊಡೋ ಕೈ ನನ್ನದಾಗಬಾರದು."

ಅಯ್ಯೋ ದೇವರೇ, ಈ ಮನುಷ್ಯನಿಗೆ ಏನು ಹೇಳುವುದು! ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಸ್ವಲ್ಪ ಸುಣ್ಣ ಉದುರಿಸುತ್ತದೆ. "ನಿನ್ನ ಫೈಲು ಬೆಳ್ಳಗಿರ್ಲಿ ಅಂತ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?" ಎಂದು ಕೂಗಿದೆ. ಅಪ್ಪನ ಎಣ್ಣೆ ಡಬ್ಬಿ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಚೈನಿನ ಕಡೆ ತಿರುಗಿದ.

ಎರಡನೇ ಸಮಜಾಯಿಷಿಯನ್ನು ಮೂರನೇ ದಿನ ಲಾಯರ್ ಮಾವನ ಜೊತೆ ಕೂತು ಬರೆದೆ. ಒಂದೂವರೆ ಪುಟ. ಮಾವ ಹೇಳುತ್ತಾ ಹೋದರು, ನಾನು ತಿದ್ದುತ್ತಾ ಹೋದೆ. ಕೊನೆಯ ಪ್ಯಾರಾಕ್ಕೆ ಬಂದಾಗ ಅವರು, "ಈಗ ಹಾಕು: 'ಗೇಟ್‌ಕೀಪರ್ ನನ್ನೊಬ್ಬಳ ಹಾಜರಿಯನ್ನು ಮಾತ್ರ ದಾಖಲಿಸಿ ತಾರತಮ್ಯ ಎಸಗಿರುತ್ತಾರೆ.' ಇದೇ ನಿನ್ನ ಬ್ರಹ್ಮಾಸ್ತ್ರ," ಅಂದರು.

ಬರೆದೆ. ಎರಡು ಸಲ ಓದಿದೆ. ನಿಜವಾದ ಮಾತು, ಒಂದಕ್ಷರ ಸುಳ್ಳಿಲ್ಲ. ಹೊಟ್ಟೆ ಉರಿದಿದ್ದಕ್ಕೆ ತಣ್ಣೀರು ಹೊಯ್ದಂತೆಯೂ ಆಯಿತು. ಆದರೆ ನಾಲ್ಕು ತಿಂಗಳಲ್ಲಿ ಆ ಖಾಕಿ ಬಿಚ್ಚಿಡುವ ಮನುಷ್ಯ. ಆ ಫೈಲು ಬಿಟ್ಟರೆ ಅವನಿಗೆ ಹೇಳಿಕೊಳ್ಳಲು ಬೇರೇನೂ ಇಲ್ಲ. ಕಾಗದ ಹರಿದು ಆ ಸಾಲು ಬಿಟ್ಟು ಮತ್ತೆ ಬರೆದೆ.

"ಹುಚ್ಚಿ," ಅಂದರು ಮಾವ. "ಅಪ್ಪನಿಗೆ ತಕ್ಕ ಮಗಳು."

ಕೊಟ್ಟದ್ದು ಇದು:

'ಮಾನ್ಯರೇ, ತಮ್ಮ ನೋಟಿಸಿನಲ್ಲಿ ಹೊರಿಸಿರುವ ಆರೋಪವನ್ನು ನಾನು ಒಪ್ಪುವುದಿಲ್ಲ. ತಮ್ಮ ಅನುಮತಿಯಂತೆ ಗೇಟಿನ ರಿಜಿಸ್ಟರನ್ನು ಪರಿಶೀಲಿಸಿದ್ದೇನೆ. ಅದರಲ್ಲಿ ನಮೂದಾಗಿರುವ ಸಮಯ ಸರಿಯಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಹನ್ನೊಂದು ತಾರೀಖುಗಳಲ್ಲಿ ನಾನು ಬಂದ ಸಮಯವನ್ನು ದಿನವಾರು ಲಗತ್ತಿಸಿದ್ದೇನೆ. ಅವೆಲ್ಲವೂ ಎಂಟು ಗಂಟೆ ಹತ್ತು ನಿಮಿಷದೊಳಗಿನವು. ಸ್ಥಾಯಿ ಆದೇಶದ ಪ್ರಕಾರ ಇದು ತಡವಲ್ಲ. ಆದ್ದರಿಂದ ನೋಟಿಸನ್ನು ಹಿಂಪಡೆಯಬೇಕೆಂದೂ, ಅಗತ್ಯವಿದ್ದಲ್ಲಿ ನನ್ನನ್ನು ಖುದ್ದಾಗಿ ವಿಚಾರಿಸಬೇಕೆಂದೂ ಕೋರುತ್ತೇನೆ.'

ನಕಲಿನ ಮೇಲೆ ಗುಮಾಸ್ತೆಯಿಂದ ಸೀಲು, ತಾರೀಖು, ಸಹಿ ಹಾಕಿಸಿಕೊಂಡೆ. ಸೀಲಿಲ್ಲದ ನಕಲು ಹಪ್ಪಳಕ್ಕೆ ಸಮ ಅನ್ನುವುದು ಮಾವನ ಮಾತು.

ಮರುದಿನ ಹನ್ನೊಂದು ಗಂಟೆಗೆ ಕರೆ ಬಂತು. ಪರ್ಸನಲ್ ಮ್ಯಾನೇಜರ್ ನನ್ನ ಕಾಗದವನ್ನೂ ರಿಜಿಸ್ಟರನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ತಾಳೆ ನೋಡಿ, "ಲೆಕ್ಕ ಸರಿ ಇದೆ," ಅಂದರು. "ಆದ್ರೆ ಹತ್ತು ನಿಮಿಷದೊಳಗೆ ಬಂದೋರು ಬೇರೆ ಯಾರೂ ಇದ್ರಲ್ಲಿ ಇಲ್ವಲ್ಲ. ದಿನಾ ನೀವೊಬ್ರೇ ಬರ್ತೀರಾ?"

ನಾನು ಕೈಯಲ್ಲಿದ್ದ ಸೀಲಿನ ನಕಲನ್ನು ಮಡಿಸಿ ಬಿಚ್ಚಿದೆ. ಅವರು ಫೋನ್ ಎತ್ತಿ ಗೇಟ್‌ಕೀಪರನ್ನು ಕರೆಸಿದರು.

ಅಪ್ಪ ಬಂದು ಸೆಲ್ಯೂಟ್ ಹೊಡೆದು ನಿಂತ. ಕೂರಿ ಅಂದರೂ ಕೂರಲಿಲ್ಲ. ಅದೇ ಪ್ರಶ್ನೆಯನ್ನು ಕೇಳಿದರು. 'ಮರೆತೆ' ಅನ್ನು ಅಪ್ಪಾ, 'ಕಣ್ತಪ್ಪಿತು' ಅನ್ನು, ಏನಾದರೂ ಒಂದು ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಬೇರೆಯವರೂ ಬರ್ತಾರೆ ಸಾರ್. ದಿನಾ ಹತ್ತು ಹದಿನೈದು ಜನ. ಹತ್ತು ನಿಮಿಷದೊಳಗೆ ಬಂದವರನ್ನ ನಾನು ಬರೆಯಲ್ಲ. ಇವಳನ್ನ ಬರೆದೆ."

"ಯಾಕೆ?"

"ನನ್ನ ಮಗಳು ಸಾರ್, ಅದಕ್ಕೆ."

ಮ್ಯಾನೇಜರ್ ಕನ್ನಡಕ ತೆಗೆದರು. "ಒಂದು ಹುಡುಗಿ ಕೆಲಸ ಹೋಗೋದ್ರಲ್ಲಿತ್ತಲ್ರೀ."

"ಹೌದು ಸಾರ್."

"ನಿಮಗೂ ಒಂದು ನೋಟಿಸ್ ಕೊಡ್ಬೇಕಾಗುತ್ತೆ."

"ಕೊಡಿ ಸಾರ್. ಕೊಡ್ಲೇಬೇಕು."

ನನ್ನ ನೋಟಿಸನ್ನು ಹಿಂಪಡೆದಿದ್ದೇವೆ ಎಂಬ ಕಾಗದ ಮಧ್ಯಾಹ್ನವೇ ಬಂತು. ಕಿಲಕಿಲ ಇಡೀ ವಿಭಾಗಕ್ಕೆ ಕೇಳುವಂತೆ ಚಪ್ಪಾಳೆ ತಟ್ಟಿದಳು. ನನಗೆ ಒಂದು ಚೂರೂ ಖುಷಿಯಾಗಲಿಲ್ಲ. ಸುಳ್ಳು ಹೇಳಲು ಬಾರದ ಮನುಷ್ಯನನ್ನು ಕಟ್ಟಿಕೊಂಡು ಅಮ್ಮ ಮೂವತ್ತು ವರ್ಷ ಹೇಗೆ ಬಾಳಿದಳೋ ಎಂದು ಸಂಜೆಯವರೆಗೆ ಬೈದುಕೊಳ್ಳುತ್ತಲೇ ಸ್ವಿಚ್ ಒತ್ತಿದೆ.

ಮನೆಗೆ ಬಂದಾಗ ಅಪ್ಪ ರೇಡಿಯೋ ಹಾಕಿರಲಿಲ್ಲ. ಖಾಕಿಯಲ್ಲೇ ಕುರ್ಚಿಯಲ್ಲಿ ಕೂತಿದ್ದ. ಮುಂದೆ ನೋಟಿಸು, ಪಕ್ಕದಲ್ಲಿ ಬಿಳಿ ಹಾಳೆ.

"ನಿನ್ನ ಕಾಗದ ಓದಿಸಿದ್ರು ನನಗೆ," ಅಂದ. "ಚೆನ್ನಾಗಿ ಬರ್ದಿದ್ದೀಯ. ಆದ್ರೆ ನನ್ನ ಹೆಸರು ಎಲ್ಲೂ ಇಲ್ಲ."

"ಬೇಕಂತಲೇ ಬಿಟ್ಟೆ."

"ಬಿಡಬಾರದಿತ್ತು. ತಪ್ಪು ಮಾಡಿದ್ದು ನಾನು. ಅಪ್ಪ ಅಂತ ಬಿಟ್ರೆ ಅದೂ ಪಕ್ಷಪಾತನೇ."

"ಅಪ್ಪಾ! ಸಾಕು ಮಾಡ್ತೀಯಾ!" ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಇಷ್ಟಾದ್ರೂ ನಿನಗೆ ಬುದ್ಧಿ ಬರ್ಲಿಲ್ವಾ?"

ಅಪ್ಪ ಹಾಳೆಯನ್ನು ನನ್ನ ಕಡೆ ಸರಿಸಿದ. ಇಪ್ಪತ್ತೊಂಬತ್ತು ವರ್ಷ ಬೇರೆಯವರ ನಿಮಿಷ ಬರೆದ ಕೈಗೆ ತನ್ನ ಬಗ್ಗೆ ಒಂದು ಸಾಲು ಬರೆಯಲು ಬರುತ್ತಿರಲಿಲ್ಲ. "ಮೂರು ದಿನದೊಳಗೆ ಕೊಡ್ಬೇಕಂತೆ. ನೀನೇ ಬರ್ಕೊಡು."

ಪೆನ್ನು ತೆಗೆದುಕೊಂಡು ಕೂತೆ. 'ಮಾನ್ಯರೇ' ಎಂದು ಬರೆದು, "ಕಾರಣ ಏನಂತ ಹಾಕ್ಲಿ?" ಅಂದೆ. ನಿಯಮ, ನಿಷ್ಠೆ, ಇಪ್ಪತ್ತೊಂಬತ್ತು ವರ್ಷ ಎಂದು ಶುರುಮಾಡುತ್ತಾನೆ ಅಂದುಕೊಂಡಿದ್ದೆ.

ಅಪ್ಪ ನೋಟಿಸನ್ನು ಮಡಿಸಿ ಜೇಬಿಗಿಟ್ಟ. "ಜನಕ್ಕೆ ಹೆದರಿಕೊಂಡೆ ಅಂತ ಬರಿ," ಅಂದ. "ನೀನು ಗೇಟೊಳಗೆ ಓಡಿ ಬರೋದು ಕಂಡಾಗೆಲ್ಲ ಪೆನ್ನು ಮುಚ್ಚಿಡೋಣ ಅನ್ನಿಸ್ತಿತ್ತು. ಆದ್ರೂ ಬರೆದೆ ಅಂತ ಬರಿ."