ಟವೆಲಿನ ಒಂಬತ್ತು ಗಂಟು

ಅತ್ತೆ ಸರ್ವಮಂಗಳಮ್ಮನವರ ಪಿತ್ತಕೋಶದ ಆಪರೇಷನ್ ಆಗಿ, ಚನ್ನಗಿರಿಯ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಹನ್ನೊಂದು ಪುಟದ ಬಿಲ್ಲು ಕೈಗೆ ಬಂತು. ತಾರೀಖಿನ ಪ್ರಕಾರ ಎಲ್ಲವನ್ನೂ ಕಲಸಿಟ್ಟಿದ್ದರು. ನನಗೆ ರೇಗಿಹೋಯಿತು.

ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ರೂಮು, ಔಷಧಿ, ಪರೀಕ್ಷೆ, ಆಪರೇಷನ್. ಒಂದೊಂದೇ ಸಾಲನ್ನು ಅದರ ಕಾಲಮ್ಮಿಗೆ ಸೇರಿಸಿ ಕೂಡಿದೆ. ಬಿಲ್ಲಿನ ಮೊತ್ತವೇ ಬಂತು, ಅಂದರೆ ಯಾವ ಸಾಲೂ ಬಿಟ್ಟುಹೋಗಿರಲಿಲ್ಲ. ರೂಮು, ಔಷಧಿ, ಆಪರೇಷನ್ ಸರಿಯಿದ್ದವು. ಆದರೆ ಪುಟಪುಟದಲ್ಲಿ ಚೆದುರಿದ್ದ ಸಕ್ಕರೆ ಪರೀಕ್ಷೆಗಳು ಒಂದೆಡೆ ಸೇರಿದಾಗ ಹದಿನಾಲ್ಕಾದವು.

ಅತ್ತೆ ತಮ್ಮ ಟವೆಲ್ ತೋರಿಸಿದರು. ಬೆರಳಿಗೆ ಸೂಜಿ ಚುಚ್ಚಿದಾಗೆಲ್ಲ ಅದರ ಕುಚ್ಚಿಗೆ ಒಂದು ಗಂಟು ಹಾಕಿದ್ದರು. ಒಂಬತ್ತು ಗಂಟು.

ಬಿಲ್ಲಿಂಗ್ ಕೌಂಟರಿನವನು ನಕ್ಕ. "ಟವೆಲ್ ನೋಡಿ ಬಿಲ್ ತಿದ್ದಾಕೆ ಆಗ್ತದೇನ್ರೀ?"

"ಹಂಗಾದ್ರೆ ನರ್ಸ್ ಬರೆದ ಚಾರ್ಟ್ ತರಿಸ್ರಿ," ಎಂದೆ.

ಚಾರ್ಟ್ ಬಂತು. ಅವನು ಎರಡು ಸಲ ಎಣಿಸಿದ. ಒಂಬತ್ತೇ. ಐದು ಸಾಲು ತೆಗೆದು ಹೊಸ ಬಿಲ್ಲು ಕೊಟ್ಟ.

"ಕಂಪ್ಯೂಟರ್ ತಪ್ಪು ಮಾಡೈತೆ ಅಮ್ಮ," ಎಂದ.

ಅತ್ತೆ ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಚುಚ್ಚಿದ್ದು ನನ್ನ ಬೆರಳಿಗಲ್ಲೇನಪ್ಪ, ಕಂಪ್ಯೂಟರಿಗೆ ಹೆಂಗೆ ಗೊತ್ತಾಗ್ಬೇಕು?"